ಮಲ್ಪೆಯ ಐಸ್ ಪ್ಲಾಂಟಿಗೆ ಮಾಡಿದ ಡಬ್ಬಿ: ಎರಡು ಮಿಲಿಮೀಟರ್ ತಪ್ಪಿದ ಕಥೆ

ನನ್ನ ಭಾವನವರು ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟ್ ನೋಡಿಕೊಳ್ಳುತ್ತಾರೆ. ಬಂದರಿನ ಬೋಟುಗಳಿಗೆ ಮಂಜುಗಡ್ಡೆ ಕೊಡುವ ಹಳೇ ಥರದ ಪ್ಲಾಂಟ್. ದೊಡ್ಡ ಉಪ್ಪುನೀರಿನ ಟ್ಯಾಂಕ್, ಅದರಲ್ಲಿ ಮುಳುಗಿಸಿದ ತಗಡಿನ ಕ್ಯಾನ್‌ಗಳು, ಪಕ್ಕದ ರೂಮಿನಲ್ಲಿ ಅಮೋನಿಯ ಕಂಪ್ರೆಸರ್. ಆ ಟ್ಯಾಂಕಿನ ಉಷ್ಣತೆಯನ್ನು ಐದು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳಲು ನಾನು ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಮೂರು ಸೆನ್ಸರ್ ಜೋಡಿಸಿ ಕೊಟ್ಟಿದ್ದೆ. ಮನೆಯ ಮೇಜಿನ ಮೇಲೆ ಎರಡು ವಾರ ತೊಂದರೆ ಇಲ್ಲದೆ ಓಡಿತು. ಡಬ್ಬಿಯೊಳಗೆ ಹಾಕಿ ಪ್ಲಾಂಟಿನ ಆಫೀಸ್ ಗೋಡೆಗೆ ನೇತುಹಾಕಿದ ಮೂರನೇ ದಿನ ಭಾವನ ಫೋನ್ ಬಂತು.

"ಎಂತ ಮಾರಾಯ, ನಿನ್ನ ಪೆಟ್ಟಿಗೆ ದಿನಕ್ಕೆ ನಾಲ್ಕು ಸಲ ಸತ್ತು ಹುಟ್ಟುತ್ತದೆ."

ಪ್ರೋಗ್ರಾಮಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಡಬ್ಬಿ ಮಾತ್ರ.

ಮೊದಲ ಡಬ್ಬಿ ಹೇಗಿತ್ತು ಎಂದು ಹೇಳಬೇಕು. ಪಕ್ಕದ ಎಲೆಕ್ಟ್ರಿಷಿಯನ್ ಒಂದು ಲೋಹದ ಪೆಟ್ಟಿಗೆ ಸಾಕು ಅಂದಿದ್ದರು. ಮಲ್ಪೆಯ ಉಪ್ಪುಗಾಳಿಗೆ ತಗಡು ಎಷ್ಟು ದಿನ ಬಾಳುತ್ತದೆ ಎಂದು ಅಲ್ಲಿನವರಿಗೇ ಗೊತ್ತು. ಅದಕ್ಕೆ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡುವುದು ಎಂದು ತೀರ್ಮಾನಿಸಿದೆ. ಪಿಎಲ್‌ಎ ಬೇಡ ಅಂದುಕೊಂಡೆ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ, ಆಫೀಸಿನ ಮಾಡು ಸಿಮೆಂಟ್ ಶೀಟಿನದ್ದು. ಪಿಇಟಿಜಿ 80ರ ತನಕ ತಡೆಯುತ್ತದೆ. ಗೋಡೆಯ ದಪ್ಪ 2.4 ಮಿ.ಮೀ., ತಳ 3 ಮಿ.ಮೀ., ಬೋರ್ಡಿನ ಸುತ್ತ 1 ಮಿ.ಮೀ. ಖಾಲಿ ಜಾಗ. ಬೋರ್ಡನ್ನು ತಳದಿಂದ ಎತ್ತಿ ಹಿಡಿಯಲು ನಾಲ್ಕು ಗೂಟ, ಅಂದರೆ ಸ್ಟ್ಯಾಂಡಾಫ್, ಎತ್ತರ 5 ಮಿ.ಮೀ. ಪೋರ್ಟುಗಳ ಎದುರು ತೂತು. ಮುಚ್ಚಳದ ಮೇಲೆ ಜೇನುಗೂಡಿನ ಹಾಗೆ ಗಾಳಿಕಿಂಡಿ. ನೋಡಲು ಚಂದವೇ ಇತ್ತು.

ಪ್ರಿಂಟ್ ಮಾಡುವ ಮೊದಲೇ ಒಂದು ಎಡವಟ್ಟು ಆಗಿತ್ತು. ನಾನು ಹುಡುಕಿ ತೆಗೆದ ಅಳತೆಯ ಚಿತ್ರ ಪೈ 3 ಬೋರ್ಡಿನದ್ದು. ಎರಡೂ ಬೋರ್ಡ್ 85 × 56 ಮಿ.ಮೀ., ಸ್ಕ್ರೂ ತೂತುಗಳೂ ಒಂದೇ ಕಡೆ. ಆದರೆ ಪೈ 4ರಲ್ಲಿ ಈಥರ್‌ನೆಟ್ ಮತ್ತು ಯುಎಸ್‌ಬಿ ಜಾಗ ಅದಲುಬದಲಾಗಿವೆ, ಎಚ್‌ಡಿಎಂಐ ಎರಡು ಚಿಕ್ಕ ಸಾಕೆಟ್ ಆಗಿದೆ. ಇದು ಸಿಕ್ಕಿಬಿದ್ದದ್ದು ಕಾಗದದಿಂದ. ಡಬ್ಬಿಯ ತಳವನ್ನೂ ಪಕ್ಕದ ಗೋಡೆಗಳನ್ನೂ ಕಾಗದದ ಮೇಲೆ ಪೂರ್ತಿ ಅಳತೆಗೆ, ನೂರಕ್ಕೆ ನೂರು, ಪ್ರಿಂಟ್ ತೆಗೆದು ಅದರ ಮೇಲೆ ಬೋರ್ಡ್ ಇಟ್ಟೆ. ಈಥರ್‌ನೆಟ್ ಗೂಡಿನ ಎದುರು ಯುಎಸ್‌ಬಿ ನಗುತ್ತಾ ಕೂತಿತ್ತು. ಎರಡು ರೂಪಾಯಿಯ ಕಾಗದ ಆರು ಗಂಟೆಯ ಪ್ರಿಂಟ್ ಉಳಿಸಿತು. ಆದರೆ ಕಾಗದಕ್ಕೆ ದಪ್ಪ ಇಲ್ಲ, ಅಲ್ವಾ? ಮುಂದಿನ ತಪ್ಪು ಇದ್ದದ್ದು ಗೋಡೆಯ ದಪ್ಪದಲ್ಲಿ. ಅದನ್ನು ಕಾಗದ ಹೇಳಲಿಲ್ಲ.

ಈಗ ಸತ್ತು ಹುಟ್ಟುವ ವಿಷಯಕ್ಕೆ ಬರೋಣ. ಅದು ಮೇ ತಿಂಗಳು. ಆಫೀಸ್ ರೂಮಿನಲ್ಲಿ 34 ಡಿಗ್ರಿ. ನನಗೆ ತಲೆಗೆ ಹೊಳೆದದ್ದು ಒಂದೇ, ಬಿಸಿ. ಹೋಗಿ ನೋಡಿದೆ.

```
vcgencmd measure_temp
vcgencmd get_throttled
```

ಮೊದಲನೆಯದು 76 ಡಿಗ್ರಿ ತೋರಿಸಿತು. ಪೈ 4 ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಲು ಶುರು ಮಾಡುವುದು 80ರಲ್ಲಿ. ಅಂದರೆ ಬಿಸಿ ಹೌದು, ಅಪಾಯ ಹತ್ತಿರದಲ್ಲಿದೆ, ಆದರೆ ಇನ್ನೂ ಮುಟ್ಟಿಲ್ಲ. ಮುಟ್ಟಿದರೂ ಅದು ನಿಧಾನವಾಗುತ್ತದೆ, ಹೀಗೆ ದಿಢೀರ್ ಎಂದು ಮತ್ತೆ ಶುರುವಾಗುವುದಿಲ್ಲ. ಆದರೂ ನಾನು ಎರಡನೇ ಸಾಲಿನ ಉತ್ತರ ಸರಿಯಾಗಿ ಓದದೆ ಡಬ್ಬಿಯನ್ನು ಮನೆಗೆ ತಂದು ಮುಚ್ಚಳಕ್ಕೆ ಇನ್ನಷ್ಟು ತೂತು ಕೊರೆದೆ. ಮರುದಿನ ನೇತುಹಾಕಿದೆ. ಸಂಜೆಗೆ ಮತ್ತೆ ಫೋನ್.

ಎರಡನೇ ಸಲ ಹೋದಾಗ ಓದಿದೆ. `throttled=0x50000` ಎಂದಿತ್ತು. ಇದು ಬಿಸಿಯ ದೂರಲ್ಲ. ಬೋರ್ಡ್ ಶುರುವಾದ ಮೇಲೆ ಯಾವಾಗಲೋ ವೋಲ್ಟೇಜ್ ಕಡಿಮೆಯಾಗಿತ್ತು, ಅದರಿಂದ ವೇಗ ಇಳಿಯಿತು ಎಂದು ಇದರ ಅರ್ಥ. ಎಲ್ಲ ಸರಿಯಿದ್ದರೆ ಅಲ್ಲಿ `0x0` ಇರಬೇಕು. ಮೊದಲ ದಿನವೇ ಈ ಸಂಖ್ಯೆಯನ್ನು ನೋಡಿದ್ದರೆ ಮುಚ್ಚಳ ಹಾಳು ಮಾಡುವ ಕೆಲಸ ಇರಲಿಲ್ಲ.

ಅಡಾಪ್ಟರ್ ಅದೇ, ಕೇಬಲ್ ಅದೇ. ಮನೆಯಲ್ಲಿ ಸರಿಯಿತ್ತು. ಕೇಬಲನ್ನು ಬೆರಳಿನಿಂದ ಮೆಲ್ಲನೆ ಮೇಲೆ ಕೆಳಗೆ ಆಡಿಸಿದೆ. ಬೋರ್ಡಿನ ಕೆಂಪು ದೀಪ ಮಿಣುಕಿತು. ಆಗ ಗೊತ್ತಾಯಿತು.

ಯುಎಸ್‌ಬಿ-ಸಿ ಪ್ಲಗ್ಗಿನಲ್ಲಿ ಎರಡು ಭಾಗ. ಮುಂದೆ ಲೋಹದ ನಾಲಿಗೆ, ಸುಮಾರು ಆರೂವರೆ ಮಿ.ಮೀ. ಉದ್ದ. ಅದರ ಹಿಂದೆ ನಾವು ಬೆರಳಲ್ಲಿ ಹಿಡಿಯುವ ಪ್ಲಾಸ್ಟಿಕ್ ಹಿಡಿ. ನಾನು ಡಬ್ಬಿಯಲ್ಲಿ ಮಾಡಿದ ತೂತು 10 × 4 ಮಿ.ಮೀ., ಬೋರ್ಡಿನ ಮೇಲಿನ ಸಾಕೆಟ್ಟಿನ ಬಾಯಿ ಅಳೆದು ಸುತ್ತ ಸ್ವಲ್ಪ ಜಾಗ ಬಿಟ್ಟದ್ದು. ಲೋಹದ ನಾಲಿಗೆ ಅದರಲ್ಲಿ ಸಲೀಸಾಗಿ ಹೋಗುತ್ತದೆ. ಹಿಡಿ ಹೋಗುವುದಿಲ್ಲ, ಗೋಡೆಗೆ ಒತ್ತಿ ನಿಲ್ಲುತ್ತದೆ. ಲೆಕ್ಕ ಮಾಡಿ: ಬೋರ್ಡಿನ ಅಂಚಿನಿಂದ ಗೋಡೆಯ ಹೊರಮೈಗೆ 1 + 2.4, ಅಂದರೆ 3.4 ಮಿ.ಮೀ. ಸಾಕೆಟ್ ಬೋರ್ಡಿನಿಂದ ಹೊರಗೆ ಚಾಚಿದ್ದು ನನ್ನ ವರ್ನಿಯರ್‌ನಲ್ಲಿ 1.3. ಉಳಿದದ್ದು 2.1 ಮಿ.ಮೀ. ಅಷ್ಟು ದೂರ ಪ್ಲಗ್ ಒಳಗೆ ಹೋಗಲೇ ಇಲ್ಲ. ಮೂರರಲ್ಲಿ ಒಂದು ಭಾಗ ಹೊರಗೇ ಉಳಿದಿತ್ತು. ಕರೆಂಟ್ ಬರುತ್ತಿತ್ತು, ಆದರೆ ಸಂಪರ್ಕ ತುದಿಯಲ್ಲಿ ಮಾತ್ರ. ಕಂಪ್ರೆಸರ್ ಶುರುವಾದಾಗ ಆ ಗೋಡೆ ಸಣ್ಣಗೆ ನಡುಗುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕು ಸಲದ ಗುಟ್ಟು ಅದು.

ಮೇಜಿನ ಮೇಲೆ ಪರೀಕ್ಷೆ ಮಾಡಿದ್ದು ಬರೀ ಬೋರ್ಡನ್ನು. ಡಬ್ಬಿಯ ಗೋಡೆ ನಡುವೆ ಇರಲಿಲ್ಲ. ಹಾಗಾಗಿ ಎರಡು ವಾರದ ಆ ಪರೀಕ್ಷೆಗೆ ಈ ವಿಷಯದಲ್ಲಿ ಬೆಲೆಯೇ ಇಲ್ಲ.

ತೂತು ಸಾಕೆಟ್ಟಿಗೆ ಹೊಂದುವುದಲ್ಲ, ಪ್ಲಗ್ಗಿನ ಹಿಡಿಗೆ ಹೊಂದಬೇಕು. ಯುಎಸ್‌ಬಿ-ಸಿ ವಿಷಯದಲ್ಲಿ ಒಂದು ಸಮಾಧಾನ ಇದೆ. ಹಿಡಿ ಎಷ್ಟು ದಪ್ಪ ಇರಬಹುದು ಎಂದು ನಿಯಮವೇ ಹೇಳುತ್ತದೆ, ಹೆಚ್ಚೆಂದರೆ 12.35 × 6.5 ಮಿ.ಮೀ. ನಾನು 13 × 7.2 ಇಟ್ಟೆ. ಎಚ್‌ಡಿಎಂಐ ಕೇಬಲ್ಲುಗಳ ಹಿಡಿ ಒಂದೊಂದು ಕಂಪನಿಯದ್ದು ಒಂದೊಂದು ಗಾತ್ರ. ಅಲ್ಲಿ ನಿಮ್ಮ ಕೈಯಲ್ಲಿರುವ ಕೇಬಲನ್ನೇ ಅಳೆಯಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಾಕೆಟ್ಟಿನ ನಡುಮಧ್ಯ ಬೋರ್ಡಿನ ಮೇಲ್ಮೈಯಿಂದ ಬರೀ 1.6 ಮಿ.ಮೀ. ಎತ್ತರದಲ್ಲಿದೆ. 7.2 ಮಿ.ಮೀ. ಎತ್ತರದ ತೂತನ್ನು ಅಲ್ಲಿಗೆ ಮಧ್ಯ ಮಾಡಿದರೆ ಅದು ಬೋರ್ಡಿನ ಅಡಿಗಿಂತಲೂ ಸ್ವಲ್ಪ ಕೆಳಗೆ ಇಳಿಯುತ್ತದೆ. ಹಾಗಾಗಿ ಗೂಟ ತೀರಾ ಗಿಡ್ಡ ಮಾಡಿ ಡಬ್ಬಿ ತೆಳ್ಳಗೆ ಮಾಡುವ ಆಸೆ ಇದ್ದರೆ ಪ್ಲಗ್ಗಿನ ಹಿಡಿ ತಳಕ್ಕೆ ತಾಗುತ್ತದೆಯೋ ನೋಡಿಕೊಳ್ಳಿ. ಗೂಟದ ಎತ್ತರವನ್ನು ಬೋರ್ಡಿನ ಅಡಿಯ ಬೆಸುಗೆ ಮೊಳೆಗಳು ಮಾತ್ರ ತೀರ್ಮಾನಿಸುತ್ತವೆ ಎಂದು ನಾನು ಅಂದುಕೊಂಡಿದ್ದೆ. ಪಕ್ಕದಲ್ಲಿ ಚುಚ್ಚುವ ಪ್ಲಗ್ಗಿಗೂ ಅದರಲ್ಲಿ ಮಾತಿದೆ.

ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಐಸಿಗೆ ಬೇಡಿಕೆ ಇಲ್ಲ, ಪ್ಲಾಂಟಿನಲ್ಲಿ ರಿಪೇರಿ ಕಾಲ. "ಈ ಎರಡು ತಿಂಗಳಲ್ಲಿ ಸರಿ ಮಾಡು, ಆಗಸ್ಟಿಗೆ ನನಗೆ ಪುರುಸೊತ್ತಿಲ್ಲ" ಅಂದರು ಭಾವ. ಹಾಗಾಗಿ ತೂತೊಂದನ್ನೇ ಅಗಲ ಮಾಡುವ ಬದಲು ಡಬ್ಬಿಯನ್ನೇ ಹೊಸದಾಗಿ ಬರೆದೆ.

ಬೋರ್ಡನ್ನು ಹಳೇ ಡಬ್ಬಿಯಿಂದ ಬಿಚ್ಚುವಾಗ ಇನ್ನೊಂದು ನಷ್ಟ ಆಯಿತು. ಮೆಮೊರಿ ಕಾರ್ಡ್ ತೆಗೆಯದೆ ಬೋರ್ಡನ್ನು ಎತ್ತಿದೆ. ಕಾರ್ಡ್ ಬೋರ್ಡಿನ ಅಂಚಿನಿಂದ ಚೂರು ಹೊರಗೆ ಚಾಚಿರುತ್ತದೆ, ಅದು ಗೋಡೆಯ ಸೀಳಿಗೆ ಸಿಕ್ಕಿ ಟಕ್ ಎಂದು ಮುರಿಯಿತು. ಒಂದು ತಿಂಗಳ ಲೆಕ್ಕ ಹೋಯಿತು. ಅದರ ಬಗ್ಗೆ ಇನ್ನೇನು ಹೇಳುವುದು, ಮೊದಲು ಕಾರ್ಡ್ ತೆಗೆಯಿರಿ.

ಗೂಟಗಳ ಕಥೆ ಇನ್ನೂ ಬಾಕಿ. ಪೈ ಬೋರ್ಡಿನ ನಾಲ್ಕು ತೂತುಗಳು 58 × 49 ಮಿ.ಮೀ. ದೂರದಲ್ಲಿವೆ, ಒಂದು ಮೂಲೆಯಿಂದ ಎರಡೂ ಕಡೆ 3.5 ಮಿ.ಮೀ. ಒಳಗೆ. ತೂತಿನ ಅಗಲ 2.7, ಅಂದರೆ ಎಂ 2.5 ಸ್ಕ್ರೂ. ಗೂಟದ ಒಳಗೆ ಸ್ಕ್ರೂ ಹಿಡಿಯುವ ಹಿತ್ತಾಳೆಯ ಇನ್ಸರ್ಟನ್ನು ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ ಇಳಿಸುವುದು ಎಲ್ಲರೂ ಮಾಡುವ ಕ್ರಮ. ಇಲ್ಲಿ ನಾನು ಅದನ್ನು ಬಿಟ್ಟೆ. ಅಮೋನಿಯ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ, ಆ ಆಫೀಸಿನಲ್ಲಿ ಆಗಾಗ ಅದರ ಘಾಟು ಬರುತ್ತದೆ. ಸ್ಟೇನ್‌ಲೆಸ್ ಸ್ಕ್ರೂ, ಸ್ಟೇನ್‌ಲೆಸ್ ನಟ್. ನಟ್ ಕೂರಲು ತಳದ ಹೊರಗಡೆಯಿಂದ ಆರು ಮೂಲೆಯ ಗುಳಿ, 2.5 ಮಿ.ಮೀ. ಆಳ. ನಟ್ಟಿನ ದಪ್ಪ 2, ಅಗಲ 5. ಗುಳಿಯನ್ನು 5.3 ಮಾಡಿದರೆ ಪ್ರಿಂಟ್ ಆದ ಮೇಲೆ ಬಿಗಿಯಾಗಿ ಕೂರುತ್ತದೆ.

ಮೊದಲ ಡಬ್ಬಿ ಮೇಜಿನ ಮೇಲೆ ಕುಂಟುತ್ತಿತ್ತು. ಕಾರಣ ಇದೇ ಸ್ಕ್ರೂ. ನನ್ನಲ್ಲಿ ಇದ್ದದ್ದು 8 ಮತ್ತು 10 ಮಿ.ಮೀ. ಉದ್ದದವು. ಬೋರ್ಡಿನ ದಪ್ಪ 1.4, ಗೂಟ 5, ತಳ 3, ಒಟ್ಟು 9.4. ಹತ್ತರ ಸ್ಕ್ರೂ ಅರ್ಧ ಮಿ.ಮೀ.ಗಿಂತ ಜಾಸ್ತಿ ಹೊರಗೆ ಇಣುಕಿತು. ಎಂಟರದ್ದು ನಟ್ಟಿನೊಳಗೆ ಬರೀ ಒಂದು ಮಿ.ಮೀ. ಹಿಡಿಯುತ್ತದೆ, ನಡುಗುವ ಗೋಡೆಗೆ ಅದು ಸಾಲದು. ಸುಲಭದ ದಾರಿ ಗೂಟವನ್ನು 6 ಮಿ.ಮೀ. ಮಾಡುವುದು. ಆಗ ಒಟ್ಟು 10.4, ಸ್ಕ್ರೂವಿನ ತುದಿ ನಟ್ ದಾಟಿ ಗುಳಿಯ ಒಳಗೇ ನಿಲ್ಲುತ್ತದೆ.

ಆದರೆ ಗೂಟ 1 ಮಿ.ಮೀ. ಏರಿದರೆ ಬೋರ್ಡ್ ಏರುತ್ತದೆ, ಬೋರ್ಡಿನ ಜೊತೆ ಎಲ್ಲ ಪೋರ್ಟುಗಳೂ ಏರುತ್ತವೆ. ಹಳೇ ಫೈಲಿನಲ್ಲಿ ಪ್ರತಿ ತೂತಿನ ಎತ್ತರವನ್ನು ಡಬ್ಬಿಯ ತಳದಿಂದ ಅಳೆದು ಸಂಖ್ಯೆ ಬರೆದಿದ್ದೆ. ಎಂಟು ಕಡೆ ತಿದ್ದಬೇಕು, ಒಂದು ಕಡೆ ಮರೆತರೂ ಕೆಲಸ ಕೆಟ್ಟಿತು. ಈ ಸಲ ಕೋಡ್ ಬರೆದು ಆಕಾರ ಮಾಡುವ ಓಪನ್‌ಸ್ಕ್ಯಾಡ್‌ನಲ್ಲಿ ಎಲ್ಲವನ್ನೂ ಬೋರ್ಡಿನಿಂದಲೇ ಅಳೆದೆ. ಬೋರ್ಡಿನ ಮೂಲೆ ಸೊನ್ನೆ, ಬೋರ್ಡಿನ ಮೇಲ್ಮೈ ಸೊನ್ನೆ. ಡಬ್ಬಿ ಅದರ ಸುತ್ತ ತಾನಾಗಿ ಬೆಳೆಯುತ್ತದೆ.

```
wall = 2.4; gap = 1; floor_t = 3;
standoff = 6; pcb_t = 1.4;
x0 = wall + gap;
z0 = floor_t + standoff + pcb_t;

module usbc_cut()
  translate([x0 + 11.2 - 6.5, -1, z0 + 1.6 - 3.6])
    cube([13, wall + 2, 60]);
```

ಯುಎಸ್‌ಬಿ-ಸಿ ನಡುಮಧ್ಯ ಬೋರ್ಡಿನ ಅಂಚಿನಿಂದ 11.2 ಮಿ.ಮೀ. ಎಂಬುದು ಅಧಿಕೃತ ಚಿತ್ರದಲ್ಲೇ ಇದೆ. `standoff` ಒಂದನ್ನು ಬದಲಿಸಿದರೆ ಸಾಕು, ತೂತು ತಾನೇ ಏರುತ್ತದೆ.

ಕೊನೆಯ ಸಾಲಿನ 60 ನೋಡಿ ಯಾರಾದರೂ ಕೇಳಬಹುದು, ತೂತಿನ ಎತ್ತರ 7.2 ತಾನೆ ಎಂದು. ಹೌದು. ಆದರೆ ಸುತ್ತ ಮುಚ್ಚಿದ ತೂತಿದ್ದರೆ ಬೋರ್ಡ್ ಒಳಗೆ ಹೋಗುವುದೇ ಕಷ್ಟ. ಗಿಡ್ಡ ಬದಿಯಲ್ಲಿ ಯುಎಸ್‌ಬಿ, ಈಥರ್‌ನೆಟ್ ಗೂಡುಗಳು ಬೋರ್ಡಿನಿಂದ ಸುಮಾರು 3 ಮಿ.ಮೀ. ಹೊರಗೆ ಚಾಚಿವೆ. ಉದ್ದ ಬದಿಯಲ್ಲಿ ಯುಎಸ್‌ಬಿ-ಸಿ, ಎಚ್‌ಡಿಎಂಐ, ಆಡಿಯೊ ಜಾಕ್ ಚಾಚಿವೆ. ಒಂದು ಬದಿ ಮಾತ್ರ ಚಾಚಿದ್ದರೆ ಬೋರ್ಡನ್ನು ಓರೆ ಹಿಡಿದು ಆ ಕಡೆ ನುಗ್ಗಿಸಿ ಇಳಿಸಬಹುದು. ಒಂದಕ್ಕೊಂದು ತಾಗಿದ ಎರಡು ಬದಿಯಲ್ಲಿ ಚಾಚಿದ್ದರೆ ಎರಡೂ ಕಡೆ ಒಟ್ಟಿಗೆ ನುಗ್ಗಿಸಬೇಕು, ಅದು ಆಗುವ ಹೋಗುವ ಮಾತಲ್ಲ. ಮೊದಲ ಡಬ್ಬಿಯಲ್ಲಿ ನಾನು ಗೋಡೆಯನ್ನು ಹೊರಕ್ಕೆ ಬಗ್ಗಿಸಿ ಬೋರ್ಡ್ ಕೂರಿಸಿದ್ದೆ. ಪಿಇಟಿಜಿ ಬಗ್ಗುತ್ತದೆ ಎಂದು ಬಚಾವ್.

ಹೊಸ ಡಬ್ಬಿಯಲ್ಲಿ ತೂತುಗಳನ್ನು ಮೇಲಕ್ಕೆ ತೆರೆದು ಬಿಟ್ಟೆ. ಗೋಡೆಯಲ್ಲಿ ಸೀಳಿನ ಹಾಗೆ. ಬೋರ್ಡ್ ನೇರ ಮೇಲಿನಿಂದ ಇಳಿಯುತ್ತದೆ. ಮುಚ್ಚಳದ ಅಂಚಿನಿಂದ ಇಳಿದ ಪಟ್ಟಿ ಸೀಳಿನ ಮೇಲ್ಭಾಗವನ್ನು ಮುಚ್ಚುತ್ತದೆ, ಪ್ಲಗ್ಗಿಗೆ ಬೇಕಾದ 7.2 ಮಿ.ಮೀ. ಮಾತ್ರ ಉಳಿಯುತ್ತದೆ. ಪಟ್ಟಿ ಸೀಳಿಗಿಂತ ಎರಡೂ ಕಡೆ 0.3 ಮಿ.ಮೀ. ಚಿಕ್ಕದು. ಇದರಿಂದ ಇನ್ನೊಂದು ಲಾಭ ಆಯಿತು. ಮುಚ್ಚಿದ ತೂತಿನ ಮೇಲಂಚನ್ನು ಪ್ರಿಂಟರ್ ಗಾಳಿಯಲ್ಲಿ ಎಳೆಯಬೇಕು, ಅದು ಜೋತುಬಿದ್ದು ತೂತು ಕಿರಿದಾಗುತ್ತದೆ. ತೆರೆದ ಸೀಳಿಗೆ ಮೇಲಂಚೇ ಇಲ್ಲ.

ಎಚ್‌ಡಿಎಂಐ, ಆಡಿಯೊ ನಮಗೆ ಬೇಡ. ಅಲ್ಲಿ ತೂತು ಮಾಡಲಿಲ್ಲ. ಗೋಡೆಯ ಒಳಮೈಯಲ್ಲಿ ಅವುಗಳ ಮೂತಿಗೆ ಗುಳಿ ತೋಡಿ ಹೊರಗೆ 0.6 ಮಿ.ಮೀ. ಪೊರೆ ಉಳಿಸಿದೆ. ಮುಂದೆ ಬೇಕಾದರೆ ಬ್ಲೇಡಿನಲ್ಲಿ ಕತ್ತರಿಸಬಹುದು.

ಗಾಳಿಕಿಂಡಿ. 76 ಡಿಗ್ರಿಯನ್ನು ನಾನು ಮರೆತಿರಲಿಲ್ಲ. ರೀಸ್ಟಾರ್ಟಿಗೆ ಅದು ಕಾರಣ ಅಲ್ಲದಿದ್ದರೂ ಮುಂದಿನ ಬೇಸಿಗೆಗೆ ಅದು ಅಪಾಯವೇ. ಮೊದಲ ಡಬ್ಬಿಯ ಕಿಂಡಿಗಳು ಮುಚ್ಚಳದಲ್ಲಿದ್ದವು. ಮೇಜಿನ ಮೇಲೆ ಮಲಗಿಸಿದರೆ ಮುಚ್ಚಳ ಮೇಲೆ, ಬಿಸಿಗಾಳಿ ಅಲ್ಲಿಂದ ಹೊರಡುತ್ತದೆ. ಗೋಡೆಗೆ ನೇತುಹಾಕಿದರೆ ಮುಚ್ಚಳ ಎದುರಿಗೆ ಬರುತ್ತದೆ. ನಿಜವಾದ ಮೇಲ್ಬದಿ ಪೂರ್ತಿ ಮುಚ್ಚಿದ ಗೋಡೆ. ಬಿಸಿಗಾಳಿ ಅಲ್ಲೇ ಮೂಲೆಯಲ್ಲಿ ನಿಂತಿತ್ತು. ನಾನು ಆಮೇಲೆ ಕೊರೆದ ತೂತುಗಳಿಂದಲೂ ಒಂದೆರಡು ಡಿಗ್ರಿ ಬಿಟ್ಟರೆ ಏನೂ ಇಳಿಯಲಿಲ್ಲ. ಫ್ಯಾನ್ ಇಲ್ಲದ ಡಬ್ಬಿಯಲ್ಲಿ ಗಾಳಿ ಓಡುವುದು ಬಿಸಿಯಾಗಿ ಮೇಲೇರುವುದರಿಂದ ಮಾತ್ರ. ಕೆಳಗಡೆ ಗಾಳಿ ಒಳಬರುವ ದಾರಿ, ಮೇಲ್ಗಡೆ ಹೊರಹೋಗುವ ದಾರಿ, ಎರಡೂ ಬೇಕು.

ಯುಎಸ್‌ಬಿ-ಸಿ ಬದಿ ಕೆಳಗೆ ಬರುವಂತೆ ನೇತುಹಾಕಲು ತೀರ್ಮಾನಿಸಿದೆ. ಆಗ ಕೇಬಲ್ ಕೆಳಗಿನಿಂದ ಬರುತ್ತದೆ, ಮಳೆಗಾಲದಲ್ಲಿ ತಂತಿ ಹಿಡಿದು ಬರುವ ನೀರು ಡಬ್ಬಿಗೆ ಹತ್ತುವುದಿಲ್ಲ. ಆ ಕೆಳಗೋಡೆಯಲ್ಲಿ ಸಾಕೆಟ್ಟುಗಳಿಗಿಂತ ಮುಂದಕ್ಕೆ 2 × 10 ಮಿ.ಮೀ. ಅಳತೆಯ 14 ಸೀಳು. ಮೇಲಿನ ಗೋಡೆಯಲ್ಲಿ 2 × 14ರ 14 ಸೀಳು. ಸೀಳುಗಳ ನಡುವೆ 2 ಮಿ.ಮೀ. ಕಡ್ಡಿ. ಡಬ್ಬಿಯನ್ನು ಬೆನ್ನ ಮೇಲೆ ಮಲಗಿಸಿ ಪ್ರಿಂಟ್ ಮಾಡುವುದರಿಂದ ಸೀಳುಗಳು ನಿಂತಿರುತ್ತವೆ. ಪ್ರಿಂಟರ್ ಗಾಳಿಯಲ್ಲಿ ದಾಟಬೇಕಾದದ್ದು ಬರೀ 2 ಮಿ.ಮೀ. ಮೇಲಿನ ಸೀಳಿಗೆ ದೂಳು, ಹನಿ ಬೀಳದಂತೆ ಒಂದು ಪುಟ್ಟ ಮಾಡು ಬೇರೆ ಪ್ರಿಂಟ್ ಮಾಡಿ ಅಂಟಿಸಿದೆ. ಚಿಪ್ಪಿನ ಮೇಲಿನ ಹೀಟ್‌ಸಿಂಕನ್ನೂ ತಿರುಗಿಸಿ ಅಂಟಿಸಿದೆ, ಅದರ ರೆಕ್ಕೆಗಳು ಅಡ್ಡಕ್ಕಿದ್ದವು, ಏರುವ ಗಾಳಿಗೆ ತಡೆ.

ಎರಡು ಮಿ.ಮೀ. ಯಾಕೆ ಎಂದರೆ ಹಲ್ಲಿ. ಅಗಲ ಸೀಳಿದ್ದರೆ ಮರಿ ಹಲ್ಲಿ ಬೆಚ್ಚಗಿನ ಡಬ್ಬಿಯನ್ನು ಮನೆ ಮಾಡಿಕೊಳ್ಳುತ್ತದೆ. ಅದರ ಹಿಕ್ಕೆ ಬೋರ್ಡಿನ ಮೇಲೆ ಬಿದ್ದರೆ ಕತೆ ಮುಗಿಯಿತು. ಇರುವೆಗೆ ಮಾತ್ರ 2 ಮಿ.ಮೀ. ಹೆಬ್ಬಾಗಿಲು. ಒಳಗಿನಿಂದ ಸಣ್ಣ ಕಣ್ಣಿನ ಬಲೆ ಅಂಟಿಸಬಹುದಿತ್ತು. ಆದರೆ ಮಲ್ಪೆಯಲ್ಲಿ ದೂಳಿಗೆ ಉಪ್ಪಿನ ಪಸೆ ಸೇರಿ ಬಲೆ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಆಗ ಕಿಂಡಿ ಇದ್ದೂ ಇಲ್ಲದ ಹಾಗೆ. ಬಲೆ ಬೇಡ ಎಂದೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವ ಕೆಲಸವನ್ನು ಭಾವನಿಗೆ ಕೊಟ್ಟೆ. ಕಿಂಡಿ ಇರುವ ಡಬ್ಬಿ ಒಳಗಡೆಯ ಗೋಡೆಗೆ ಮಾತ್ರ. ಜಗಲಿಯಲ್ಲಿ ಇರಿಸಿದರೆ ಆಷಾಢದ ಗಾಳಿಮಳೆ ಅಡ್ಡಡ್ಡ ನುಗ್ಗುತ್ತದೆ.

ಜುಲೈ ಕೊನೆಗೆ ಹೊಸ ಡಬ್ಬಿ ಹಾಕಿ ಒಂದು ಗಂಟೆ ಕಾದು ನೋಡಿದೆ. ಪ್ಲಾಸ್ಟಿಕ್ ಡಬ್ಬಿ ಪೂರ್ತಿ ಬಿಸಿಯಾಗಲು ಅಷ್ಟು ಹೊತ್ತು ಬೇಕು, ಹತ್ತು ನಿಮಿಷದ ಅಳತೆ ಸುಳ್ಳು ಹೇಳುತ್ತದೆ. 57 ಡಿಗ್ರಿ. "76ರಿಂದ 57ಕ್ಕೆ ಇಳಿಯಿತಾ? ಭಾರಿ ಆಯ್ತಲ್ಲ!" ಎಂದರು ಭಾವ. ಅಷ್ಟೆಲ್ಲ ಇಲ್ಲ. ಮೇ ತಿಂಗಳಲ್ಲಿ ರೂಮು 34 ಇತ್ತು, ಈಗ ಮಳೆಗೆ 28. ನೋಡಬೇಕಾದದ್ದು ರೂಮಿಗಿಂತ ಎಷ್ಟು ಹೆಚ್ಚು ಎಂದು. ಆಗ 42 ಹೆಚ್ಚಿತ್ತು, ಈಗ 29. ಕಿಂಡಿಯ ಗಳಿಕೆ 13 ಡಿಗ್ರಿ, ಉಳಿದ ಆರು ಮಳೆಯದ್ದು. ಮುಂದಿನ ಮೇ ತಿಂಗಳಲ್ಲಿ 63ರ ಹತ್ತಿರ ಇರಬೇಕು. 80ಕ್ಕೆ ಸಾಕಷ್ಟು ದೂರ.

ಕೇಬಲ್ ಆಡಿಸಿದೆ, ದೀಪ ಮಿಣುಕಲಿಲ್ಲ. ಕಂಪ್ರೆಸರ್ ಹಾಕಿಸಿ ಮತ್ತೆ ನೋಡಿದೆ. ಆಗಸ್ಟ್ 1ಕ್ಕೆ ಬೋಟುಗಳು ಹೊರಟವು. ಮೂರು ವಾರ ಬಿಟ್ಟು ಮನೆಯಿಂದಲೇ ಲಾಗಿನ್ ಆಗಿ ನೋಡಿದಾಗ `throttled=0x0`. ಒಂದು ದೂರು ಮಾತ್ರ ಬಂದಿದೆ. ಈಥರ್‌ನೆಟ್ ಕೇಬಲ್ ಬಿಚ್ಚಲು ಅದರ ಲ್ಯಾಚ್ ಒತ್ತಬೇಕಲ್ಲ, ಆ ಸೀಳಿನಲ್ಲಿ ನನ್ನ ಬೆರಳು ಹೋಗುತ್ತದೆ. ಐಸ್ ಕ್ಯಾನ್ ಎತ್ತಿ ಎತ್ತಿ ದಪ್ಪಗಾದ ಭಾವನ ಬೆರಳು ಹೋಗುವುದಿಲ್ಲ. ಅವರು ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಕಟ್ಟಿ ನೇತುಹಾಕಿದ್ದಾರೆ.